ಮೊದಲ ರೇಟು ಎಂಬ ಗೂಟ

ಕೆಲವು ವರ್ಷಗಳ ಹಿಂದೆ ಒಂದು ಹಳೇ ಸ್ಕೂಟರ್ ತಗೊಳ್ಳೋಕೆ ಭಾವನ ಜೊತೆ ಸೆಕೆಂಡ್ ಹ್ಯಾಂಡ್ ಗಾಡಿಗಳ ಅಂಗಡಿಗೆ ಹೋಗಿದ್ದೆ. ನಾಲ್ಕು ವರ್ಷ ಓಡಿದ ಗಾಡಿ, ಒಬ್ಬರೇ ಓನರ್. ಎಷ್ಟಕ್ಕೆ ಕೊಡ್ತೀರಿ ಅಂತ ಕೇಳಿದೆ. ಅಂಗಡಿಯವರು ಗಾಡಿಯ ಸೀಟನ್ನು ಒಂದು ಸಲ ಬಟ್ಟೆಯಿಂದ ಒರೆಸಿ, "ಅರವತ್ತೆರಡು ಸಾರ್" ಅಂದರು. ನಾನು ಧೈರ್ಯ ಮಾಡಿ "ನಲವತ್ತೆಂಟು" ಅಂದೆ. ಅವರು ನಕ್ಕರು. ಸ್ವಲ್ಪ ಹೊತ್ತು ಎಳೆದಾಟ ನಡೆಯಿತು. ಕೊನೆಗೆ ಅವರೇ, "ನಿಮ್ದೂ ಬೇಡ ನಮ್ದೂ ಬೇಡ, ಐವತ್ತೈದು ಕೊಟ್ಟುಬಿಡಿ" ಅಂದರು. ಕೊಟ್ಟೆ. ಏಳು ಸಾವಿರ ಉಳಿಸಿದೆ ಅಂತ ಖುಷಿಯಲ್ಲಿ ಮನೆಗೆ ಬಂದೆ.

ಮುಂದಿನ ವಾರ ಪಕ್ಕದ ಬೀದಿಯವರೊಬ್ಬರು ಅದೇ ಮಾಡೆಲ್, ಅದೇ ವರ್ಷದ ಸ್ಕೂಟರನ್ನು ಪರಿಚಯದವರಿಗೆ ನಲವತ್ತನಾಲ್ಕಕ್ಕೆ ಮಾರಿದ್ದು ಗೊತ್ತಾಯಿತು. ಅಂಗಡಿ ಅಂದಮೇಲೆ ಬಾಡಿಗೆ, ಲಾಭ ಎಲ್ಲ ಇರುತ್ತದೆ, ಒಪ್ಪೋಣ. ಆದರೂ ಹನ್ನೊಂದು ಸಾವಿರದ ವ್ಯತ್ಯಾಸ ಜಾಸ್ತಿಯೇ. ನನಗೆ ಕಾಡಿದ್ದು ದುಡ್ಡು ಹೋದದ್ದಕ್ಕಿಂತ, ಆ ಏಳು ಸಾವಿರ "ಉಳಿಸಿದ" ಖುಷಿ. ಎಲ್ಲಿಂದ ಎಲ್ಲಿಗೆ ಉಳಿಸಿದೆ? ಅರವತ್ತೆರಡರಿಂದ ಐವತ್ತೈದಕ್ಕೆ. ಅರವತ್ತೆರಡು ಎಲ್ಲಿಂದ ಬಂತು? ಅವರ ಬಾಯಿಂದ. ಆ ಗಾಡಿಗೆ ಅಷ್ಟು ಬೆಲೆ ಇದೆ ಅಂತ ಬೇರೆ ಯಾರೂ ನನಗೆ ಹೇಳಿರಲಿಲ್ಲ.

ಇದನ್ನು ಮನಶ್ಶಾಸ್ತ್ರದಲ್ಲಿ ಆ್ಯಂಕರಿಂಗ್ ಬಯಾಸ್ ಅನ್ನುತ್ತಾರೆ. ಆ್ಯಂಕರ್ ಅಂದರೆ ಹಡಗಿನ ಲಂಗರು. ನಮಗೆ ಹತ್ತಿರದ ಮಾತಲ್ಲಿ ಹೇಳುವುದಾದರೆ ಗೂಟ. ಗೂಟಕ್ಕೆ ಕಟ್ಟಿದ ಹಸು ಆ ಕಡೆ ಈ ಕಡೆ ಓಡಾಡುತ್ತದೆ, ಮೇಯುತ್ತದೆ. ಆದರೆ ಹಗ್ಗ ಎಷ್ಟು ಉದ್ದ ಇದೆಯೋ ಅಷ್ಟೇ ಜಾಗ ಅದರದ್ದು. ಯಾವುದಾದರೂ ಒಂದು ಮೊತ್ತವನ್ನು ಅಂದಾಜು ಮಾಡಬೇಕಾದಾಗ, ಮೊದಲು ಕಿವಿಗೆ ಬಿದ್ದ ಸಂಖ್ಯೆ ನಮ್ಮ ಮನಸ್ಸಿಗೆ ಗೂಟ ಹೊಡೆಯುತ್ತದೆ. ಆಮೇಲೆ ನಾವು ಚೌಕಾಸಿ ಮಾಡುವುದೆಲ್ಲ ಆ ಗೂಟದ ಸುತ್ತವೇ.

ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವರು ಮನಶ್ಶಾಸ್ತ್ರಜ್ಞರಾದ ಅಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್. 1974ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಒಂದು ಚಕ್ರದ ಪ್ರಯೋಗ ಇದೆ. ಜಾತ್ರೆಯಲ್ಲಿ ತಿರುಗಿಸುವ ಅದೃಷ್ಟ ಚಕ್ರದ ಹಾಗೆ, ಅದರ ಮೇಲೆ 0ಯಿಂದ 100ರವರೆಗೆ ಅಂಕಿಗಳು. ಭಾಗವಹಿಸಿದವರ ಎದುರೇ ಅದನ್ನು ತಿರುಗಿಸುತ್ತಿದ್ದರು. ಚಕ್ರವನ್ನು ಮೊದಲೇ ಸಜ್ಜು ಮಾಡಿಟ್ಟಿದ್ದರಿಂದ ಅದು 10ರಲ್ಲಿ ಅಥವಾ 65ರಲ್ಲಿ ಮಾತ್ರ ನಿಲ್ಲುತ್ತಿತ್ತು. ಆಮೇಲೆ ಪ್ರಶ್ನೆ: ವಿಶ್ವಸಂಸ್ಥೆಯಲ್ಲಿರುವ ದೇಶಗಳಲ್ಲಿ ಆಫ್ರಿಕಾದವು ಶೇಕಡಾ ಎಷ್ಟು? ಚಕ್ರದಲ್ಲಿ 10 ನೋಡಿದವರ ಉತ್ತರ 25ರ ಸುತ್ತ ಬಂತು. 65 ನೋಡಿದವರದ್ದು 45ರ ಸುತ್ತ. ಚಕ್ರಕ್ಕೂ ಆಫ್ರಿಕಾಕ್ಕೂ ಯಾವ ಸಂಬಂಧವೂ ಇಲ್ಲ, ಅದು ಅವರಿಗೂ ಗೊತ್ತಿತ್ತು. ಆದರೂ ಉತ್ತರ ಆ ಕಡೆ ಜಾರಿತು.

ಸಂಬಂಧವೇ ಇಲ್ಲದ ಅಂಕಿ ಇಷ್ಟು ಎಳೆಯುತ್ತದೆ ಅಂದರೆ, ಎದುರಿಗೇ ಇರುವ ವಸ್ತುವಿನ ಬಗ್ಗೆ, ಅದನ್ನು ಮಾರುವವರೇ ಹೇಳಿದ ಅಂಕಿ ಎಷ್ಟು ಎಳೆಯಬೇಡ?

ಈ ಎಳೆತ ಒಳಗೆ ಹೇಗೆ ನಡೆಯುತ್ತದೆ ಅನ್ನುವುದೇ ಇದರಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ ಭಾಗ. ಎರಡು ದಾರಿ ಇವೆ.

ಒಂದು, ಹೇಳಿದ ರೇಟಿನಿಂದ ನಾವು ಕೆಳಗೆ ಇಳಿಯುತ್ತಾ ಹೋಗುತ್ತೇವೆ, ಆದರೆ ಬೇಗ ನಿಂತುಬಿಡುತ್ತೇವೆ. ಅರವತ್ತೆರಡು ಅಂದಾಗ "ಅಷ್ಟಿಲ್ಲ" ಅಂತ ನನಗೆ ಅನ್ನಿಸಿತು. ಐವತ್ತೆಂಟಕ್ಕೆ ಇಳಿದೆ, ಅದೂ ಜಾಸ್ತಿ ಅನ್ನಿಸಿತು. ಐವತ್ತೈದಕ್ಕೆ ಬಂದಾಗ "ಇದು ಪರವಾಗಿಲ್ಲ" ಅನ್ನಿಸಿತು, ಅಲ್ಲೇ ನಿಂತೆ. ಮೇಲಿನಿಂದ ಇಳಿಯುವವನಿಗೆ "ಪರವಾಗಿಲ್ಲ" ಅನ್ನುವ ಜಾಗ ಬೇಗ ಸಿಗುತ್ತದೆ. ಅದೇ ಮೂವತ್ತೈದರಿಂದ ಹತ್ತಿದ್ದರೆ, ನಲವತ್ತೆರಡು ನಲವತ್ತಮೂರಕ್ಕೇ "ಸಾಕಪ್ಪಾ" ಅನ್ನಿಸುತ್ತಿತ್ತು. ಗಾಡಿ ಅದೇ, ನಾನೂ ಅದೇ. ಹೊರಟ ಜಾಗ ಮಾತ್ರ ಬೇರೆ.

ಎರಡನೆಯದು ಇನ್ನೂ ಸೂಕ್ಷ್ಮ. ಒಂದು ಬೆಲೆ ಕಿವಿಗೆ ಬಿದ್ದ ಕೂಡಲೇ, ಆ ಬೆಲೆಗೆ ಹೊಂದುವ ಗುಣಗಳನ್ನೇ ಕಣ್ಣು ಹುಡುಕತೊಡಗುತ್ತದೆ. ಅರವತ್ತೆರಡು ಅಂತ ಕೇಳಿದ ಮೇಲೆ ನಾನು ಏನೇನು ನೋಡಿದೆ ಅಂತ ಈಗ ನೆನಪು ಮಾಡಿಕೊಂಡರೆ ಅಚ್ಚರಿಯಾಗುತ್ತದೆ. ಬಣ್ಣ ಹೊಳೀತಿದೆ. ಒಬ್ಬರೇ ಓನರ್. ಸೆಲ್ಫ್ ಒಂದೇ ಸಲಕ್ಕೆ ಹಿಡೀತು. ಸೀಟ್ ಕವರ್ ಹೊಸದು. ಇವೆಲ್ಲ "ಯಾಕೆ ಅರವತ್ತೆರಡು" ಅನ್ನುವ ಪ್ರಶ್ನೆಗೆ ಉತ್ತರಗಳು. ಹಿಂದಿನ ಟೈರ್ ಸವೆದು ನುಣ್ಣಗಾಗಿತ್ತು. ಅದನ್ನೂ ನೋಡಿದ್ದೆ, ಆದರೆ ಅದು ಮನಸ್ಸಿಗೆ ನಾಟಲಿಲ್ಲ. ಅಂಗಡಿಯವರು "ನಲವತ್ತೆರಡು" ಅಂದಿದ್ದರೆ ನನ್ನ ಮೊದಲ ಮಾತೇ "ಯಾಕೆ ಇಷ್ಟು ಕಡಿಮೆ, ಏನಾದ್ರೂ ಆಕ್ಸಿಡೆಂಟ್ ಆಗಿತ್ತಾ?" ಅಂತ ಇರುತ್ತಿತ್ತು. ಆಗ ಟೈರು, ಬೆಲ್ಟು, ಬ್ಯಾಟರಿ, ಮುಂದಿನ ಫೋರ್ಕಿನ ಎಣ್ಣೆ ಸೋರಿಕೆ ಎಲ್ಲವೂ ಕಾಣುತ್ತಿತ್ತು.

ಅಂದರೆ ಮೊದಲ ರೇಟು ನಮ್ಮ ಲೆಕ್ಕವನ್ನು ಮಾತ್ರ ಬದಲಿಸುವುದಿಲ್ಲ. ಆ ವಸ್ತು ನಮಗೆ ಹೇಗೆ ಕಾಣುತ್ತದೆ ಅನ್ನುವುದನ್ನೇ ಬದಲಿಸುತ್ತದೆ. ಅದಕ್ಕೇ ಗಿರಾಕಿಗೆ ತಾನು ಎಳೆತಕ್ಕೆ ಸಿಕ್ಕಿದ್ದೇನೆ ಅಂತ ಗೊತ್ತಾಗುವುದಿಲ್ಲ. ಅವನಿಗೆ ಕಾರಣಗಳು ಕಾಣುತ್ತಿರುತ್ತವೆ, ಮತ್ತು ಆ ಕಾರಣಗಳು ನಿಜವಾದವೇ. ಬಣ್ಣ ಹೊಳೆಯುತ್ತಿದ್ದದ್ದು ಸುಳ್ಳಲ್ಲ. ಅದರ ತೂಕ ಮಾತ್ರ ಹೆಚ್ಚಾಯಿತು.

ನಮ್ಮಂಥವರಿಗೆ ಗೊತ್ತಿಲ್ಲ, ವ್ಯಾಪಾರ ಬಲ್ಲವರು ಸಿಕ್ಕಿಬೀಳುವುದಿಲ್ಲ ಅಂತ ನಾನೂ ಅಂದುಕೊಂಡಿದ್ದೆ. ಅಮೆರಿಕದ ಅರಿಝೋನಾ ರಾಜ್ಯದ ಟೂಸಾನ್ ಎಂಬ ಊರಲ್ಲಿ ಗ್ರೆಗರಿ ನಾರ್ತ್‌ಕ್ರಾಫ್ಟ್ ಮತ್ತು ಮಾರ್ಗರೆಟ್ ನೀಲ್ ಎಂಬ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿದರು. ಅದು 1987ರಲ್ಲಿ ಪ್ರಕಟವಾಯಿತು. ಮನೆ ಮಾರಾಟದ ಏಜೆಂಟರನ್ನು ಒಂದು ನಿಜವಾದ ಮನೆಗೆ ಕರೆದುಕೊಂಡು ಹೋದರು. ಓಡಾಡಿ ನೋಡಲು ಬಿಟ್ಟರು. ಮನೆಯ ವಿವರ, ಅಕ್ಕಪಕ್ಕದ ಮನೆಗಳ ಮಾರಾಟದ ವಿವರ ಇರುವ ಹತ್ತು ಪುಟದ ಕಟ್ಟನ್ನು ಕೈಗೆ ಕೊಟ್ಟರು. ಎಲ್ಲರಿಗೂ ಒಂದೇ ಕಟ್ಟು, ಒಂದು ಅಂಕಿ ಮಾತ್ರ ಬೇರೆ: ಮನೆ ಮಾಲೀಕರು ಕೇಳುತ್ತಿರುವ ಬೆಲೆ. ಕೆಲವರಿಗೆ ಅದು 65,900 ಡಾಲರ್ ಅಂತಿತ್ತು, ಕೆಲವರಿಗೆ 83,900. ಮೊದಲ ಗುಂಪು ಆ ಮನೆಗೆ ಸರಾಸರಿ ಸುಮಾರು 67,800 ಡಾಲರ್ ಬೆಲೆ ಕಟ್ಟಿತು, ಎರಡನೆಯದು ಸುಮಾರು 75,200. ಕೇಳಿದ ಬೆಲೆಗಳ ನಡುವಿನ ಅಂತರ 18,000. ಅದರಲ್ಲಿ ನೂರಕ್ಕೆ ನಲವತ್ತರಷ್ಟು ಆ ಬಲ್ಲವರ ತಲೆಯೊಳಗೆ ಹೋಗಿ ಕೂತಿತ್ತು. ಏನೂ ಅನುಭವವಿಲ್ಲದ ವಿದ್ಯಾರ್ಥಿಗಳ ಮೇಲೂ ಇದೇ ಪರೀಕ್ಷೆ ಮಾಡಿದ್ದರು. ಅವರದ್ದು ಇದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಒಂದು ದೊಡ್ಡ ವ್ಯತ್ಯಾಸ ಇತ್ತು. ವಿದ್ಯಾರ್ಥಿಗಳು "ಹೌದು, ಕೇಳಿದ ಬೆಲೆಯನ್ನು ನೋಡಿಕೊಂಡೆವು" ಅಂತ ಒಪ್ಪಿಕೊಂಡರು. ಏಜೆಂಟರಲ್ಲಿ ಹೆಚ್ಚಿನವರು ಅದನ್ನು ಲೆಕ್ಕಕ್ಕೇ ತಗೊಂಡಿಲ್ಲ ಅಂದರು. ಅವರು ಸುಳ್ಳು ಹೇಳಿದರು ಅಂತ ನನಗೆ ಅನ್ನಿಸುವುದಿಲ್ಲ. ಅವರ ಕಣ್ಣಿಗೂ ಬರೀ ಕಾರಣಗಳೇ ಕಂಡಿರಬೇಕು.

ಮತ್ತೆ ನಮ್ಮ ಸ್ಕೂಟರ್ ಅಂಗಡಿಗೆ ಬರೋಣ. "ನಿಮ್ದೂ ಬೇಡ ನಮ್ದೂ ಬೇಡ" ಅನ್ನುವ ಮಾತು ಎಷ್ಟು ನ್ಯಾಯವಾಗಿ ಕೇಳಿಸುತ್ತದೆ! ಇಬ್ಬರೂ ಸಮ ಸಮ ಬಗ್ಗಿದ ಹಾಗೆ. ಆದರೆ ಲೆಕ್ಕ ಹಾಕಿ ನೋಡಿ. ಅವರದ್ದು 62, ನನ್ನದು 48. ಎರಡೂ ಸೇರಿದರೆ 110, ಅರ್ಧ 55. ಸರಿಯಾಗಿ ಅಲ್ಲಿಗೇ ನಾವು ಬಂದು ನಿಂತದ್ದು. ಈಗ ಅವರು 54 ಅಂದಿದ್ದರು ಅಂತ ಇಟ್ಟುಕೊಳ್ಳಿ. ನಾನು ಅದೇ ಅಳತೆಯಲ್ಲಿ 42 ಅನ್ನುತ್ತಿದ್ದೆ. ನಡುವಿನದು 48. ಅವರು ಬಾಯಲ್ಲಿ ಎಂಟು ಸಾವಿರ ಮೇಲೆ ಹೇಳಿದ್ದಕ್ಕೆ ನನ್ನ ಜೇಬಿಂದ ಏಳು ಸಾವಿರ ಹೆಚ್ಚಿಗೆ ಹೋಯಿತು.

"ಹಾಗಾದ್ರೆ ನೀವು 34 ಅನ್ನಬೇಕಿತ್ತು, ನಡುವೆ 48 ಬರ್ತಿತ್ತು" ಅಂತ ನೀವು ಹೇಳಬಹುದು. ಲೆಕ್ಕ ಸರಿ. ಆದರೆ ಅರವತ್ತೆರಡು ಅಂತ ಹೇಳಿದವರ ಎದುರು ಮೂವತ್ತನಾಲ್ಕು ಅನ್ನಲು ನಾಲಿಗೆ ಏಳುವುದಿಲ್ಲ. ಅವಮಾನ ಮಾಡಿದ ಹಾಗೆ ಅನ್ನಿಸುತ್ತದೆ. ಆ ಸಂಕೋಚವೂ ಗೂಟದ್ದೇ ಕೆಲಸ. ಅಂಗಡಿಯವರು ಏನೂ ಹೇಳದೆ "ನೀವೇ ಎಷ್ಟು ಕೊಡ್ತೀರಿ ಹೇಳಿ" ಅಂದಿದ್ದರೆ ಮೂವತ್ತೆಂಟು ಅನ್ನಲು ನನಗೆ ಯಾವ ನಾಚಿಕೆಯೂ ಆಗುತ್ತಿರಲಿಲ್ಲ. ಮೊದಲ ರೇಟು ನಾವು ಕೊಡುವ ಬೆಲೆಯ ಜೊತೆಗೆ ನಾವು ಕೇಳಬಹುದಾದ ಮರ್ಯಾದೆಯ ಗಡಿಯನ್ನೂ ತೀರ್ಮಾನ ಮಾಡುತ್ತದೆ.

ಅಂಕಿಯ ರೂಪಕ್ಕೂ ಬೆಲೆ ಇದೆ. "ಅರವತ್ತು" ಅಂದರೆ ಅದು ಬಾಯಿಗೆ ಬಂದ ಸಂಖ್ಯೆ ಅನ್ನಿಸುತ್ತದೆ, ನಾವು ಐದು ಸಾವಿರ ಸಲೀಸಾಗಿ ಇಳಿಸುತ್ತೇವೆ. "ಅರವತ್ತೊಂದು ಸಾವಿರದ ಆರುನೂರು" ಅಂದರೆ ಏನೋ ಲೆಕ್ಕ ಹಾಕಿ ಹೇಳಿದ್ದಾರೆ ಅನ್ನಿಸುತ್ತದೆ. ನಾವೂ ನೂರು ಇನ್ನೂರರ ಅಳತೆಯಲ್ಲೇ ಇಳಿಸಲು ಶುರು ಮಾಡುತ್ತೇವೆ. ಕ್ರಿಸ್ ಜಾನಿಷೆವ್ಸ್ಕಿ ಮತ್ತು ಡ್ಯಾನ್ ಊಯ್ 2008ರಲ್ಲಿ ಇದನ್ನು ಪ್ರಯೋಗಗಳಲ್ಲಿ ತೋರಿಸಿದರು. ರೌಂಡ್ ಅಂಕಿಗಿಂತ ಬಿಡಿ ಅಂಕಿಯ ಸುತ್ತ ಜನ ಕಡಿಮೆ ಸರಿದಾಡುತ್ತಾರೆ. ಗೂಟ ಅದೇ, ಹಗ್ಗ ಮಾತ್ರ ಮೊಟಕು.

ಎಲ್ಲಾ ವ್ಯಾಪಾರದಲ್ಲೂ ಇದು ಒಂದೇ ಥರ ನಡೆಯುವುದಿಲ್ಲ. ಬೆಲೆ ನಮಗೆ ಮೊದಲೇ ಗಟ್ಟಿಯಾಗಿ ಗೊತ್ತಿದ್ದರೆ ಗೂಟ ನೆಲಕ್ಕೆ ಇಳಿಯುವುದಿಲ್ಲ. ಬೆಂಗಳೂರಿನ ಆಟೋ ನೋಡಿ. 2025ರ ಆಗಸ್ಟ್ 1ರಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಏಳು ಕಿಲೋಮೀಟರ್ ಹೋಗಬೇಕು ಅಂದರೆ 36ಕ್ಕೆ 90 ಸೇರಿಸಿ 126. ಈ ಲೆಕ್ಕ ತಲೆಯಲ್ಲಿ ಇರುವವರಿಗೆ "ಇನ್ನೂರೈವತ್ತು ಕೊಡಿ" ಅಂದರೆ ಅದು ಎರಡು ಪಟ್ಟು ಅಂತ ತಕ್ಷಣ ಕಾಣುತ್ತದೆ. ಲೆಕ್ಕ ಇಲ್ಲದವರು ಇನ್ನೂರಕ್ಕೆ ಇಳಿಸಿ, ಐವತ್ತು ಉಳಿಯಿತು ಅಂತ ಹತ್ತುತ್ತಾರೆ.

ಚಿನ್ನದ ಅಂಗಡಿಯಲ್ಲೂ ಹಾಗೆಯೇ. ಗ್ರಾಂ ರೇಟು ಬೆಳಿಗ್ಗೆಯೇ ಎಲ್ಲರ ಮೊಬೈಲಿಗೆ ಬಂದಿರುತ್ತದೆ. ಅದರ ಮೇಲೆ ಯಾರೂ ಸುಮ್ನೆ ಗೂಟ ಹೊಡೆಯಲಾರರು. ಅದಕ್ಕೇ ಅಲ್ಲಿ ಮಾತೆಲ್ಲ ವೇಸ್ಟೇಜು, ಮೇಕಿಂಗ್ ಚಾರ್ಜ್ ಕಡೆ ಹೋಗುತ್ತದೆ. "ಹದಿನೆಂಟು ಪರ್ಸೆಂಟ್ ಇದೆ ಮೇಡಂ, ನಿಮಗೆ ಹದಿನಾಲ್ಕು ಮಾಡ್ತೀನಿ." ಆ ಸರದ ಕೆಲಸಕ್ಕೆ ನಿಜವಾಗಿ ಎಷ್ಟು ಪರ್ಸೆಂಟ್ ಆಗಬೇಕು ಅಂತ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ನಮಗೆ ಗೊತ್ತಿಲ್ಲದ ಜಾಗ ಹುಡುಕಿ ಅಲ್ಲಿ ಗೂಟ ಬೀಳುತ್ತದೆ.

ಇಲ್ಲೇ ಹಳೇ ಕಾಲದ ಒಂದು ಪದ್ಧತಿ ನನಗೆ ನೆನಪಾಗುತ್ತದೆ. ನಮ್ಮ ದನಗಳ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಕೈ ಹಿಡಿದು ವ್ಯಾಪಾರ ಮಾಡುವುದನ್ನು ನೀವು ನೋಡಿರಬಹುದು. ಬೆರಳು ಮುಟ್ಟಿ ರೇಟು ಹೇಳುತ್ತಾರೆ, ಬೆರಳು ಮಡಿಸಿ ಇಳಿಸುತ್ತಾರೆ. ಸುತ್ತ ನಿಂತವರಿಗೆ ಒಂದು ಅಂಕಿಯೂ ತಿಳಿಯುವುದಿಲ್ಲ. ಇದು ಗುಟ್ಟು ಕಾಪಾಡುವ ಉಪಾಯ ಅಂತ ಮಾತ್ರ ನಾನು ತಿಳಿದಿದ್ದೆ. ಈಗ ಯೋಚಿಸಿದರೆ ಇನ್ನೊಂದು ಕಾಣುತ್ತದೆ. ಒಂದು ಜೋಡಿ ಎತ್ತಿಗೆ ಮೊದಲನೆಯ ಗಿರಾಕಿ ಎಷ್ಟು ಕೇಳಿದ ಅನ್ನುವುದು ಎರಡನೆಯ ಗಿರಾಕಿಯ ಕಿವಿಗೆ ಬೀಳುವುದೇ ಇಲ್ಲ. ಅವನು ಎತ್ತಿನ ಹಲ್ಲು, ಸುಳಿ, ನಡಿಗೆ ನೋಡಿ ತನ್ನದೇ ಬೆಲೆ ಕಟ್ಟಬೇಕು. ಟವೆಲ್ ಒಳಗಿನ ಇಬ್ಬರ ನಡುವೆ ಗೂಟ ಇದ್ದೇ ಇರುತ್ತದೆ, ಆದರೆ ಅದು ಇಡೀ ಜಾತ್ರೆಗೆ ಹಬ್ಬುವುದಿಲ್ಲ.

ಹಾಗಾದರೆ ಗಿರಾಕಿ ಏನು ಮಾಡಬಹುದು? "ನನಗೆ ಈ ಎಳೆತದ ಬಗ್ಗೆ ಗೊತ್ತು, ನಾನು ಹುಷಾರಾಗಿರ್ತೀನಿ" ಅನ್ನುವುದು ಸಾಲದು. ಇಂಥ ಪ್ರಯೋಗಗಳಲ್ಲಿ ಮೊದಲೇ ಎಚ್ಚರಿಸಿದರೂ ಜನ ಆ ಕಡೆಗೇ ವಾಲಿದ್ದಾರೆ. ಕೆಲಸಕ್ಕೆ ಬಂದದ್ದು ಬೇರೆ. ಜರ್ಮನಿಯಲ್ಲಿ ಥಾಮಸ್ ಮುಸ್‌ವೈಲರ್, ಫ್ರಿಟ್ಜ್ ಸ್ಟ್ರಾಕ್, ಟಿಮ್ ಫೈಫರ್ ಮಾಡಿ 2000ನೇ ಇಸವಿಯಲ್ಲಿ ಪ್ರಕಟಿಸಿದ ಪ್ರಯೋಗ ನಮ್ಮ ಸ್ಕೂಟರ್ ಕತೆಗೆ ತುಂಬಾ ಹತ್ತಿರ. ಒಂದು ಹಳೇ ಕಾರನ್ನು ಮೆಕ್ಯಾನಿಕ್‌ಗಳ, ಡೀಲರ್‌ಗಳ ಹತ್ತಿರ ತಗೊಂಡು ಹೋಗಿ, "ಇದಕ್ಕೆ 2,800 ಮಾರ್ಕ್ ಬರಬಹುದು ಅಂತ ನನ್ನ ಅಂದಾಜು, ನೀವೇನಂತೀರಿ?" ಅಂತ ಕೆಲವರನ್ನು ಕೇಳಿದರು. ಇನ್ನು ಕೆಲವರಿಗೆ 5,000 ಅಂದರು. ಮಾರ್ಕ್ ಅಂದರೆ ಆಗಿನ ಜರ್ಮನಿಯ ಹಣ. ದಿನಾ ಕಾರು ನೋಡುವ ಜನ ಅವರು. ಆದರೂ ಎರಡು ಗುಂಪಿನ ಉತ್ತರಗಳ ನಡುವೆ ಸುಮಾರು ಸಾವಿರ ಮಾರ್ಕ್ ಅಂತರ ಬಂತು. ಆದರೆ ಕೆಲವರಿಗೆ ಇನ್ನೊಂದು ಮಾತು ಸೇರಿಸಿದ್ದರು: "ನನ್ನ ಗೆಳೆಯರೊಬ್ಬರು ಈ ರೇಟು ಸರಿ ಇಲ್ಲ ಅಂದ್ರು. ಈ ರೇಟಿನ ವಿರುದ್ಧ ನೀವು ಏನು ಹೇಳಬಹುದು?" ವಿರುದ್ಧದ ಕಾರಣಗಳನ್ನು ಬಾಯಿಬಿಟ್ಟು ಹೇಳಿದ ಮೇಲೆ ಆ ಅಂತರ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯಿತು. ಪೂರ್ತಿ ಹೋಗಲಿಲ್ಲ.

ಇದು ಯಾಕೆ ಕೆಲಸ ಮಾಡುತ್ತದೆ ಅಂತ ಹಿಂದೆ ಹೇಳಿದ ಎರಡನೇ ದಾರಿಯಿಂದ ತಿಳಿಯುತ್ತದೆ. ಅರವತ್ತೆರಡಕ್ಕೆ ಹೊಂದುವ ಗುಣಗಳನ್ನು ಕಣ್ಣು ತಾನಾಗಿ ಹುಡುಕುತ್ತದೆ. ಹೊಂದದೇ ಇರುವುದನ್ನು ನಾವು ಕಷ್ಟಪಟ್ಟು ಹುಡುಕಬೇಕು.

ಅದಕ್ಕಿಂತ ಒಳ್ಳೆಯದು, ಅವರ ಅಂಕಿ ಬೀಳುವ ಮೊದಲೇ ನಮ್ಮದೊಂದು ಅಂಕಿ ಇಟ್ಟುಕೊಳ್ಳುವುದು. ಆ್ಯಡಮ್ ಗಲಿನ್ಸ್ಕಿ ಮತ್ತು ಮುಸ್‌ವೈಲರ್ 2001ರಲ್ಲಿ ಚೌಕಾಸಿಯ ಪ್ರಯೋಗಗಳನ್ನು ಮಾಡಿದರು. ಸಾಮಾನ್ಯವಾಗಿ ಮೊದಲು ಬೆಲೆ ಹೇಳಿದವರಿಗೇ ಲಾಭ. ಆದರೆ ಎದುರಿನವರು ತಾವು ಮುಟ್ಟಬೇಕೆಂದಿರುವ ಬೆಲೆಯ ಮೇಲೆ ಗಮನ ಇಟ್ಟಾಗ ಆ ಲಾಭ ಅಳಿಸಿಹೋಯಿತು.

ಈ ವರ್ಷ ಅಕ್ಕನ ಮಗಳಿಗೆ ಒಂದು ಸ್ಕೂಟರ್ ಬೇಕಾಯಿತು. ಈ ಸಲ ಹೊರಡುವ ಮೊದಲು ಒಂದು ಚೀಟಿ ಬರೆದುಕೊಂಡೆ. ಅದೇ ವರ್ಷದ, ಅದೇ ಮಾಡೆಲಿನ ನಾಲ್ಕು ಜಾಹೀರಾತು ನೋಡಿದ್ದೆ: 45, 46, 48, 51. ಇವೂ ಮಾರುವವರು ಕೇಳುವ ಬೆಲೆಗಳೇ, ಅಂದರೆ ಇವೂ ಗೂಟಗಳೇ. ಅದಕ್ಕೆ ನಮ್ಮ ಮೆಕ್ಯಾನಿಕ್ ಹತ್ತಿರ ಹೋಗಿ, "ಅಣ್ಣಾ, ಕೊನೆಗೆ ಎಷ್ಟಕ್ಕೆ ಹೋಗ್ತಿವೆ?" ಅಂತ ಕೇಳಿದೆ. ಚೆನ್ನಾಗಿರೋ ಗಾಡಿ ನಲವತ್ತೈದರೊಳಗೆ ಅಂದರು. ಚೀಟಿಯಲ್ಲಿ ಬರೆದೆ: "45. ರಿಪೇರಿ ಖರ್ಚು ಇದರಲ್ಲೇ ಕಳೆಯಬೇಕು." ಕೆಳಗೆ ಅವರೇ ಹೇಳಿದ ಅಂದಾಜು: ಎರಡೂ ಟೈರು ಮೂರು ಸಾವಿರ, ಡ್ರೈವ್ ಬೆಲ್ಟು ರೋಲರು ಒಂದೂವರೆ, ಬ್ಯಾಟರಿ ಸಾವಿರದ ಮುನ್ನೂರು.

ಅಂಗಡಿಯವರು ಬಾಯಿ ತೆರೆಯುವ ಮೊದಲೇ ಹೇಳಿದೆ: "ರೇಟು ಆಮೇಲೆ ಹೇಳಿ, ಮೊದಲು ಗಾಡಿ ನೋಡ್ತೀವಿ." ಇಷ್ಟೇ ಮಾತು, ಆದರೆ ನನ್ನ ಮಟ್ಟಿಗೆ ಇದರಿಂದಲೇ ಹೆಚ್ಚು ಉಪಯೋಗ ಆಯಿತು. ಅಂಕಿ ಇಲ್ಲದೆ ನೋಡಿದಾಗ ಗಾಡಿ ಇದ್ದ ಹಾಗೆ ಕಂಡಿತು. ಎರಡೂ ಟೈರು ಸವೆದಿದ್ದವು. ಓಡಿದ್ದು ಇಪ್ಪತ್ತಾರು ಸಾವಿರ ಕಿಲೋಮೀಟರ್, ಬೆಲ್ಟ್ ಬದಲಿಸಿದ ಬಿಲ್ ಇಲ್ಲ. ಬ್ಯಾಟರಿ ಚೆನ್ನಾಗಿತ್ತು. ಇನ್ಶೂರೆನ್ಸ್ ಇನ್ನೂ ಏಳು ತಿಂಗಳಿತ್ತು. ನಲವತ್ತೈದರಲ್ಲಿ ನಾಲ್ಕೂವರೆ ಕಳೆದು ಚೀಟಿಯ ಮೇಲೆ 40,500 ಅಂತ ಬರೆದೆ. ಆಮೇಲೆ ರೇಟು ಕೇಳಿದೆ.

"ಐವತ್ತೆಂಟು."

ನಾನು ಚೀಟಿ ನೋಡಿಕೊಂಡೇ ಟೈರು, ಬೆಲ್ಟಿನ ಲೆಕ್ಕ ಹೇಳಿ "ಮೂವತ್ತೆಂಟು" ಅಂದೆ. ಐವತ್ತೊಂದರ ತನಕ ಇಳಿದರು, ಅದಕ್ಕಿಂತ ಕೆಳಗೆ ಬರಲಿಲ್ಲ. ಅವರಿಗೂ ಒಂದು ಗೂಟ ಇರಬೇಕು, ಅವರು ಆ ಗಾಡಿ ತಗೊಂಡ ಬೆಲೆ. ನಮಸ್ಕಾರ ಹೇಳಿ ಹೊರಗೆ ಬಂದೆವು.

ಬಸ್ ಸ್ಟಾಪಿನಲ್ಲಿ ಭಾವ ಅಂದರು, "ಐವತ್ತೆಂಟರ ಗಾಡಿ ಐವತ್ತೊಂದಕ್ಕೆ ಬಿಡ್ತಿದ್ದ ಕಣೋ. ಏಳು ಸಾವಿರ ಕಡಿಮೆ. ತಗೊಂಡುಬಿಡಬೇಕಿತ್ತೇನೋ, ಅಲ್ವಾ?"

ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಜೇಬಿಂದ ಚೀಟಿ ತೆಗೆದು ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು 40,500 ಅನ್ನುವುದನ್ನು ಓದಿ, ಅದನ್ನು ಮಡಿಸಿ ವಾಪಸ್ ಕೊಟ್ಟು, "ನಾಳೆ ಇನ್ನೊಂದು ಕಡೆ ನೋಡೋಣ" ಅಂದರು.